ರಾಜತಾಂತ್ರಿಕರ ಮನೆಗೆಲಸದಾಕೆ ಸಂಬಳ ಕೇಳಿ ಕೋರ್ಟಿಗೆ ಹೋದಾಗ

2018ರ ಮೇ 24ರಂದು ಬ್ರಿಟನ್ನಿನಲ್ಲಿದ್ದ ಸೌದಿ ಅರೇಬಿಯಾದ ರಾಜತಾಂತ್ರಿಕರೊಬ್ಬರ ಮನೆಯಿಂದ ಫಿಲಿಪ್ಪೀನ್ಸ್ ದೇಶದ ಮಹಿಳೆಯೊಬ್ಬರು ತಪ್ಪಿಸಿಕೊಂಡು ಹೊರಬಿದ್ದರು. ಸುಮಾರು ಎರಡು ವರ್ಷದಿಂದ ಅವರು ಆ ಮನೆಯ ಕೆಲಸಕ್ಕಿದ್ದವರು. ಅವರು ಹೇಳಿದ್ದು ಹೀಗಿತ್ತು: ಕಸ ಹಾಕಲು ಬಿಟ್ಟರೆ ಹೊಸ್ತಿಲು ದಾಟುವಂತಿರಲಿಲ್ಲ. ಬೆಳಗ್ಗೆ 7ರಿಂದ ರಾತ್ರಿ ಸುಮಾರು 11.30ರವರೆಗೆ ದುಡಿತ, ವಾರದ ರಜೆ ಇಲ್ಲ. ಯಾವ ಹೊತ್ತಿನಲ್ಲಾದರೂ ಕರೆದರೆ ಓಡಿ ಬರಬೇಕೆಂದು ಮೈಮೇಲೆ ಸದಾ ಕರೆಗಂಟೆಯೊಂದನ್ನು ಧರಿಸಿರಬೇಕಿತ್ತು. ಮನೆಯವರು ಉಂಡು ಬಿಟ್ಟದ್ದೇ ಊಟ. ಊರಿನ ಮನೆಯವರ ಜೊತೆ ಮಾತು ವರ್ಷಕ್ಕೆ ಎರಡು ಸಲ. ಮೊದಲ ಏಳು ತಿಂಗಳು ಅವರ ಕೈಗೆ ಸಂಬಳವೆಂದು ಏನೂ ಬರಲಿಲ್ಲ. 2017ರ ಜುಲೈಯಲ್ಲಿ ಒಮ್ಮೆ ಸುಮಾರು 1,800 ಪೌಂಡ್ ಬಂತು. ಆಮೇಲೆ ಅದೂ ನಿಂತಿತು. ವೀಸಾಕ್ಕಾಗಿ ತೋರಿಸಿದ ಕರಾರು ಪತ್ರದಲ್ಲಿ ಮಾತ್ರ ದಿನಕ್ಕೆ 8 ಗಂಟೆ ಕೆಲಸ, ವಾರಕ್ಕೊಂದು ರಜೆ, ಕನಿಷ್ಠ ವೇತನ, ಎಲ್ಲವೂ ಇದ್ದವು.

ಅವರು ಉದ್ಯೋಗ ನ್ಯಾಯಮಂಡಳಿಗೆ ಹೋಗಿ ಬಾಕಿ ಸಂಬಳ ಕೇಳಿದರು. ರಾಜತಾಂತ್ರಿಕರ ವಕೀಲರು ಸಂಬಳ ಕೊಟ್ಟಿದ್ದೇವೆ ಎಂದೋ ಆಕೆ ಸುಳ್ಳು ಹೇಳುತ್ತಿದ್ದಾರೆ ಎಂದೋ ವಾದಕ್ಕಿಳಿಯಲಿಲ್ಲ. "ನಮ್ಮ ಕಕ್ಷಿದಾರರು ರಾಜತಾಂತ್ರಿಕರು, ಅವರ ಮೇಲೆ ಇಲ್ಲಿ ದಾವೆ ನಡೆಯುವುದಿಲ್ಲ, ಅರ್ಜಿ ವಜಾ ಮಾಡಿ" ಎಂಬುದಷ್ಟೇ ಅವರ ಮನವಿ. ನಡೆದದ್ದು ನಿಜವೋ ಸುಳ್ಳೋ ಎಂಬ ವಿಚಾರಣೆಯೇ ಶುರುವಾಗದೆ ಈ ಒಂದು ಪ್ರಶ್ನೆ ನಾಲ್ಕು ವರ್ಷ ಕೋರ್ಟುಗಳನ್ನು ಸುತ್ತಿ 2022ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟನ್ನು ಮುಟ್ಟಿತು. ಆಕೆ ಹೇಳಿದ್ದೆಲ್ಲ ನಿಜವೆಂದು ಸದ್ಯಕ್ಕೆ ಇಟ್ಟುಕೊಂಡರೂ ಈ ದಾವೆ ನಡೆಯಬಹುದೇ ಎಂಬುದೇ ಅಲ್ಲಿನ ಚರ್ಚೆ.

ರಾಜತಾಂತ್ರಿಕರಿಗಿರುವ ಇಂಥ ವಿನಾಯಿತಿ ಕೋರ್ಟಿನಲ್ಲಿ ಕೆಲಸ ಮಾಡುವ ಬಗೆ ಇದು. "ನಾನು ತಪ್ಪು ಮಾಡಿಲ್ಲ" ಎನ್ನುವುದು ಒಂದು ಮಾತು, "ಅದನ್ನು ಕೇಳುವ ಅಧಿಕಾರ ನಿಮಗಿಲ್ಲ" ಎನ್ನುವುದು ಬೇರೆ ಮಾತು. ವಿನಾಯಿತಿ ಎರಡನೆಯದು. ಸಾಲ ಸಾಲವಾಗಿಯೇ ಉಳಿಯುತ್ತದೆ, ಅಪರಾಧ ಅಪರಾಧವಾಗಿಯೇ ಉಳಿಯುತ್ತದೆ. ಈ ದೇಶದ ಕೋರ್ಟಿನ ಬಾಗಿಲು ಮಾತ್ರ ಮುಚ್ಚಿರುತ್ತದೆ. ರಾಜತಾಂತ್ರಿಕರು ಆತಿಥೇಯ ದೇಶದ ಕಾನೂನಿಗೆ ಮರ್ಯಾದೆ ಕೊಟ್ಟು ನಡೆಯಬೇಕೆಂದು ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಡಂಬಡಿಕೆಯೇ ತನ್ನ 41ನೇ ವಿಧಿಯಲ್ಲಿ ಹೇಳುತ್ತದೆ. ಅವರ ಸ್ವಂತ ದೇಶದ ಕೋರ್ಟಿನಲ್ಲಿ ಅವರ ಮೇಲೆ ದಾವೆ ಹೂಡಲು ಅಡ್ಡಿಯಿಲ್ಲ ಎಂದು 31ನೇ ವಿಧಿ ಹೇಳುತ್ತದೆ. ಆ ದೇಶದವರ ಮನೆಯಿಂದ ತಪ್ಪಿಸಿಕೊಂಡು ಬಂದ ಕೆಲಸದಾಕೆ ಆ ದೇಶಕ್ಕೇ ಹೋಗಿ ದಾವೆ ಹೂಡಿಯಾರೇ ಎಂಬ ಪ್ರಶ್ನೆಗೆ ಒಡಂಬಡಿಕೆಯಲ್ಲಿ ಉತ್ತರವಿಲ್ಲ.

ಇಂಥದೊಂದು ಏರ್ಪಾಟು ಯಾಕೆ ಬೇಕಾಯಿತು? ದೂತನನ್ನು ಕೊಲ್ಲಬಾರದೆಂಬ ಮಾತು ನಮಗೆ ಹೊಸದಲ್ಲ. ಲಂಕೆಯ ಸಭೆಯಲ್ಲಿ ವಿಭೀಷಣ ಎತ್ತಿ ಹಿಡಿದದ್ದು ಅದನ್ನೇ. ಅವನ ಪ್ರಕಾರ ದೂತನಿಗೆ ಬೇರೆ ಶಿಕ್ಷೆ ಕೊಡಬಹುದಿತ್ತು, ಹಾಗಾಗಿಯೇ ಹನುಮಂತನ ಬಾಲಕ್ಕೆ ಬೆಂಕಿ ಬಿದ್ದದ್ದು. ಇಂದಿನ ಕಾನೂನು ವಿಭೀಷಣನಿಗಿಂತ ಬಿಗಿ, ಬಾಲವನ್ನೂ ಮುಟ್ಟುವಂತಿಲ್ಲ. ಕಾರಣ ಸರಳ. ಒಬ್ಬ ರಾಯಭಾರಿಯ ಬಾಯಿ ಕಟ್ಟಬೇಕೆಂದರೆ ಆತಿಥೇಯ ಸರ್ಕಾರ ಅವರನ್ನು ಜೈಲಿಗೆ ಹಾಕಬೇಕಾಗಿಲ್ಲ. ಯಾರನ್ನೋ ಮುಂದೆ ಬಿಟ್ಟು ಹತ್ತು ದಾವೆ ಹಾಕಿಸಿದರೆ ಸಾಕು, ವರ್ಷಪೂರ್ತಿ ಅವರು ಕೋರ್ಟಿನ ಕಟ್ಟೆಯ ಮೇಲೇ ಕೂತಿರುತ್ತಾರೆ. ಹಗೆತನವಿರುವ ಎರಡು ದೇಶಗಳ ನಡುವೆ ಮಾತುಕತೆಯ ಎಳೆ ಉಳಿಯಬೇಕಾದರೆ ಎರಡೂ ಕಡೆಯ ದೂತರು ಪರಸ್ಪರರ ಪೊಲೀಸರಿಂದಲೂ ಕೋರ್ಟಿನಿಂದಲೂ ದೂರವಿರಬೇಕು. ಈ ವಿನಾಯಿತಿ ವ್ಯಕ್ತಿಗಳ ಲಾಭಕ್ಕಲ್ಲ, ರಾಯಭಾರ ಕಚೇರಿಯ ಕೆಲಸ ಸುಗಮವಾಗಿ ನಡೆಯಲೆಂದು ಎಂದು ಒಡಂಬಡಿಕೆಯ ಪೀಠಿಕೆ ಬಿಡಿಸಿ ಹೇಳಿದೆ.

ಆದ್ದರಿಂದ ವಿನಾಯಿತಿ ಆ ವ್ಯಕ್ತಿಯದಲ್ಲ, ಅವರನ್ನು ಕಳುಹಿಸಿದ ದೇಶದ್ದು. ಅದನ್ನು ಬಿಟ್ಟುಕೊಡುವ ಅಧಿಕಾರವೂ ಆ ದೇಶದ್ದೇ. 1997ರ ಜನವರಿಯಲ್ಲಿ ಜಾರ್ಜಿಯಾ ದೇಶದ ರಾಜತಾಂತ್ರಿಕರೊಬ್ಬರು ವಾಷಿಂಗ್ಟನ್ನಿನಲ್ಲಿ ಕುಡಿದು ಕಾರು ಓಡಿಸಿ ಹುಡುಗಿಯೊಬ್ಬಳ ಸಾವಿಗೆ ಕಾರಣರಾದಾಗ ಜಾರ್ಜಿಯಾ ಸರ್ಕಾರ ಅವರ ವಿನಾಯಿತಿಯನ್ನು ತಾನೇ ಬಿಟ್ಟುಕೊಟ್ಟಿತು. ಅವರು ಅಮೆರಿಕದ ಜೈಲು ಸೇರಿದರು. ಇದು ಅಪರೂಪದ ಉದಾಹರಣೆ. ಸಾಮಾನ್ಯವಾಗಿ ಕಳುಹಿಸಿದ ದೇಶ ಮನವಿಗೆ ಉತ್ತರಿಸದೆ ಸುಮ್ಮನಿರುತ್ತದೆ, ಇಲ್ಲವೇ ತನ್ನವರನ್ನು ವಾಪಸು ಕರೆಸಿಕೊಳ್ಳುತ್ತದೆ. ಆತಿಥೇಯ ದೇಶದ ಕೈಯಲ್ಲಿ ಉಳಿಯುವುದು ಒಂದೇ ಅಸ್ತ್ರ: ಅವರನ್ನು ಅನಪೇಕ್ಷಿತ ವ್ಯಕ್ತಿಯೆಂದು ಘೋಷಿಸಿ ದೇಶ ಬಿಡಿಸುವುದು. ಅದಕ್ಕೆ ಕಾರಣ ಕೊಡಬೇಕಾಗಿಯೂ ಇಲ್ಲ. ಆದರೆ ಸಂಬಳ ಬರಬೇಕಾದವರಿಗೆ ಅದರಿಂದ ಚಿಕ್ಕಾಸೂ ಹುಟ್ಟುವುದಿಲ್ಲ.

ಮನೆಗೆಲಸದಾಕೆಯ ದಾವೆಗೆ ಮರಳೋಣ. ಇಂಥ ಅರ್ಜಿ ಬಂದಾಗ ಕೋರ್ಟು ಮೊದಲು ನೋಡುವುದು ಪ್ರತಿವಾದಿ ಯಾವ ದರ್ಜೆಯವರು ಎಂಬುದನ್ನು. ಕೈಯಲ್ಲಿ ರಾಜತಾಂತ್ರಿಕ ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ, ಇದು ಬಹಳ ಜನರ ತಪ್ಪು ತಿಳಿವಳಿಕೆ. ಆ ದೇಶಕ್ಕೆ ಅವರನ್ನು ವಿಧಿವತ್ತಾಗಿ ನೇಮಿಸಿರಬೇಕು, ಆತಿಥೇಯ ದೇಶದ ವಿದೇಶಾಂಗ ಇಲಾಖೆಗೆ ಅದು ತಿಳಿದಿರಬೇಕು. ಬ್ರಿಟನ್ನಿನಲ್ಲಿ ಆ ಇಲಾಖೆ ಕೊಡುವ ಪ್ರಮಾಣಪತ್ರವೇ ಈ ಸಂಗತಿಗೆ ಕೊನೆಯ ಸಾಕ್ಷ್ಯ. ಅಲ್ಲಿಂದ ಮುಂದಿನದು, ಅಂದರೆ ಆ ದರ್ಜೆಗೆ ಎಷ್ಟು ವಿನಾಯಿತಿ ಎಂಬುದು, ಕೋರ್ಟಿನ ಕೆಲಸ. ರಾಯಭಾರಿ, ಕಾರ್ಯದರ್ಶಿ ಮುಂತಾದ ರಾಜತಾಂತ್ರಿಕ ಅಧಿಕಾರಿಗಳಿಗೆ ಕ್ರಿಮಿನಲ್ ಪ್ರಕರಣಗಳಿಂದ ಪೂರ್ತಿ ವಿನಾಯಿತಿ, ಸಿವಿಲ್ ದಾವೆಗಳಿಂದ ಬಹುಪಾಲು ವಿನಾಯಿತಿ. ಕಚೇರಿಯ ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿಗೆ ಸಿವಿಲ್ ವಿನಾಯಿತಿ ಸಿಗುವುದು ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಮಾತ್ರ. ಕಾನ್ಸುಲೇಟ್ ಅಧಿಕಾರಿಗಳದ್ದು ಬೇರೆಯೇ ಒಡಂಬಡಿಕೆ, 1963ರದ್ದು. ಅವರಿಗೂ ಕರ್ತವ್ಯದ ಕೆಲಸಕ್ಕಷ್ಟೇ ರಕ್ಷಣೆ, ಗಂಭೀರ ಅಪರಾಧದಲ್ಲಿ ನ್ಯಾಯಾಂಗದ ಆದೇಶವಿದ್ದರೆ ಬಂಧಿಸಲೂಬಹುದು.

ಈ ವ್ಯಕ್ತಿ ಪೂರ್ಣ ದರ್ಜೆಯ ರಾಜತಾಂತ್ರಿಕರು. ಆದರೂ ಸಿವಿಲ್ ವಿನಾಯಿತಿಯಲ್ಲಿ ಮೂರು ಕಿಂಡಿಗಳಿವೆ. ಅವರು ಆ ದೇಶದಲ್ಲಿ ಖಾಸಗಿಯಾಗಿ ಇಟ್ಟುಕೊಂಡ ಸ್ಥಿರಾಸ್ತಿಯ ವ್ಯಾಜ್ಯ ಒಂದು. ಅವರು ಖಾಸಗಿಯಾಗಿ ಪಾಲ್ಗೊಂಡ ಉಯಿಲು, ವಾರಸಿಕೆಯ ವ್ಯಾಜ್ಯ ಇನ್ನೊಂದು. ಮೂರನೆಯದು, ತಮ್ಮ ಅಧಿಕೃತ ಕೆಲಸದ ಹೊರಗೆ ಅವರು ನಡೆಸಿದ "ವೃತ್ತಿಪರ ಅಥವಾ ವಾಣಿಜ್ಯ ಚಟುವಟಿಕೆ". ಮೊದಲೆರಡು ಇಲ್ಲಿ ಬರುವುದೇ ಇಲ್ಲ. ಆಕೆಯ ವಕೀಲರಿಗೆ ಉಳಿದದ್ದು ಮೂರನೆಯ ಕಿಂಡಿ. ಮನೆಗೆಲಸಕ್ಕೆ ಜನ ಇಟ್ಟುಕೊಳ್ಳುವುದು ವಾಣಿಜ್ಯ ಚಟುವಟಿಕೆಯೇ?

ಅಲ್ಲ ಎಂಬುದೇ ಅಲ್ಲಿಯವರೆಗಿನ ಉತ್ತರವಾಗಿತ್ತು. 1996ರಲ್ಲಿ ಜೋರ್ಡಾನಿನ ರಾಜತಾಂತ್ರಿಕರೊಬ್ಬರ ಮೇಲೆ ಮನೆಗೆಲಸದಾಕೆ ಹೂಡಿದ್ದ ದಾವೆಯಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇದನ್ನೇ: ರಾಜತಾಂತ್ರಿಕರೂ ಮನುಷ್ಯರು, ದಿನಸಿ ಕೊಳ್ಳಬೇಕು, ಬಟ್ಟೆ ಒಗೆಸಬೇಕು, ಮನೆಗೆ ಆಳು ಬೇಕು. ದೈನಂದಿನ ಬದುಕಿಗೆ ಬೇಕಾದ ಇಂಥ ವ್ಯವಹಾರವನ್ನೆಲ್ಲ ವಾಣಿಜ್ಯ ಎಂದು ಕರೆದರೆ ವಿನಾಯಿತಿಯೇ ಉಳಿಯುವುದಿಲ್ಲ. ತರ್ಕ ಗಟ್ಟಿಯಾಗಿದೆ. ವಾಣಿಜ್ಯ ಚಟುವಟಿಕೆ ಎಂದರೆ ಅಂಗಡಿ ಇಡುವುದು, ದಲ್ಲಾಳಿ ವ್ಯವಹಾರ ಮಾಡುವುದು. ಅಡುಗೆಯವರಿಗೆ ಸಂಬಳ ಕೊಡುವುದು ಅದರಲ್ಲಿ ಬರುವುದಿಲ್ಲ.

ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2022ರ ಜುಲೈ 6ರಂದು ಮೂರು–ಎರಡರಂತೆ ಒಡೆದರು. ಬಹುಮತದ ಮೂವರು ಹಳೆಯ ತತ್ವವನ್ನು ತಳ್ಳಿಹಾಕಲಿಲ್ಲ, ಮಾಮೂಲಿ ಮನೆಗೆಲಸದ ಒಪ್ಪಂದ ವಾಣಿಜ್ಯವಲ್ಲ ಎಂದು ಅವರೂ ಒಪ್ಪಿದರು. ಆದರೆ ಇಲ್ಲಿರುವುದು ಅಂಥ ಒಪ್ಪಂದವೇ ಅಲ್ಲ ಎಂದರು. ಹೊರಹೋಗುವ ಸ್ವಾತಂತ್ರ್ಯವಿಲ್ಲ, ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲ, ಸಂಬಳವಿಲ್ಲ. ಇದು ಉದ್ಯೋಗವಲ್ಲ, ಗುಲಾಮಗಿರಿಯ ಇಂದಿನ ರೂಪ. ಒಬ್ಬರ ಶ್ರಮವನ್ನು ಬಲವಂತದಿಂದ, ಬಿಟ್ಟಿಯಾಗಿ, ತಿಳಿದೂ ತಿಳಿದೂ ಎರಡು ವರ್ಷದಷ್ಟು ಕಾಲ ಹಿಂಡಿಕೊಂಡವರಿಗೆ ಆದದ್ದು ಹಣದ ಲಾಭ, ಅದೂ ದೊಡ್ಡ ಲಾಭ. ಲಾಭಕ್ಕಾಗಿ ನಿರಂತರ ನಡೆಸಿದ ಶೋಷಣೆ ವಾಣಿಜ್ಯ ಚಟುವಟಿಕೆಯೇ ಸರಿ. ಹಾಗಾಗಿ ಆಕೆ ಹೇಳುವುದು ನಿಜವಾದಲ್ಲಿ ವಿನಾಯಿತಿ ನಿಲ್ಲುವುದಿಲ್ಲ, ದಾವೆ ನಡೆಯಲಿ.

ಭಿನ್ನಮತದ ಇಬ್ಬರ ಮಾತನ್ನೂ ಕೇಳಬೇಕು. ಸಂಬಳ ಚೆನ್ನಾಗಿ ಕೊಟ್ಟರೆ ವಾಣಿಜ್ಯವಲ್ಲದ ಕೆಲಸ, ಕೊಡದಿದ್ದರೆ ವಾಣಿಜ್ಯ ಹೇಗಾದೀತು? ಚಟುವಟಿಕೆ ಅದೇ, ನಡೆಸಿಕೊಂಡ ರೀತಿ ಮಾತ್ರ ಕೆಟ್ಟದ್ದು. ಇಲ್ಲಿ ನಾವು ದಾರಿ ತೆರೆದರೆ ನಾಳೆ ಇನ್ನೊಂದು ದೇಶದ ಕೋರ್ಟು ನಮ್ಮ ರಾಜತಾಂತ್ರಿಕರ ಮೇಲೆ ಇದೇ ದಾರಿಯಲ್ಲಿ ಬರುತ್ತದೆ. ನನಗೆ ಬಹುಮತದ ತೀರ್ಮಾನ ನ್ಯಾಯವೆನಿಸುತ್ತದೆ, ಆದರೆ ತರ್ಕದ ಹದ ನೋಡಿದರೆ ಭಿನ್ನಮತದ್ದೇ ಒಂದು ಗುಂಜಿ ಹೆಚ್ಚು ತೂಗುತ್ತದೆ ಎಂದು ಒಪ್ಪಿಕೊಳ್ಳಲೇಬೇಕು. ಈ ತೀರ್ಪು ಬ್ರಿಟನ್ನಿನದ್ದು, ಬೇರೆ ದೇಶಗಳ ಕೋರ್ಟುಗಳು ಅದನ್ನು ಓದಬಹುದು, ಪಾಲಿಸಬೇಕೆಂದಿಲ್ಲ.

ಇದೇ ಬಗೆಯ ಇನ್ನೊಂದು ದಾವೆಯನ್ನು ಅದೇ ಕೋರ್ಟು 2017ರಲ್ಲಿ ಬಗೆಹರಿಸಿದ್ದು ಈ ಕಷ್ಟದ ಪ್ರಶ್ನೆಯನ್ನು ತೀರ್ಮಾನಿಸದೆಯೇ. ಅಲ್ಲೂ ಲಂಡನ್ನಿನ ಸೌದಿ ರಾಜತಾಂತ್ರಿಕರು, ಅಲ್ಲೂ ಫಿಲಿಪ್ಪೀನ್ಸ್‌ನ ಮಹಿಳೆ, 2011ರಲ್ಲಿ ಎರಡು ತಿಂಗಳಷ್ಟು ಕಾಲ ಕೆಲಸ. ದಾವೆ ಹೂಡಿದಾಗ ಅವರು ಇನ್ನೂ ಹುದ್ದೆಯಲ್ಲಿದ್ದರು. ದಾವೆ ತೆವಳುತ್ತಿರುವಾಗಲೇ 2014ರ ಆಗಸ್ಟಿನಲ್ಲಿ ಅವರ ಅವಧಿ ಮುಗಿದು ದೇಶ ಬಿಟ್ಟರು. ಇಲ್ಲಿ ಒಡಂಬಡಿಕೆಯ 39ನೇ ವಿಧಿ ಕೆಲಸ ಮಾಡಿತು. ಹುದ್ದೆ ಮುಗಿದು ದೇಶ ಬಿಟ್ಟ ಗಳಿಗೆಗೆ ಪೂರ್ಣ ವಿನಾಯಿತಿಯೂ ಮುಗಿಯುತ್ತದೆ. ಆಮೇಲೆ ಉಳಿಯುವುದು ಅಧಿಕೃತ ಕರ್ತವ್ಯವಾಗಿ ಮಾಡಿದ ಕೆಲಸಗಳ ರಕ್ಷಣೆ ಮಾತ್ರ, ಅದು ಕೊನೆಯವರೆಗೂ ಇರುತ್ತದೆ. ತಮ್ಮ ದೇಶದ ಪರವಾಗಿ ಬರೆದ ಪತ್ರಕ್ಕೆ, ಕೊಟ್ಟ ಅಥವಾ ನಿರಾಕರಿಸಿದ ವೀಸಾಕ್ಕೆ ಅವರನ್ನು ಯಾವತ್ತೂ ಕೋರ್ಟಿಗೆಳೆಯುವಂತಿಲ್ಲ. ಮನೆಯ ನೆಲ ಒರೆಸಲು ಆಳಿಟ್ಟುಕೊಂಡದ್ದು ಸೌದಿ ಅರೇಬಿಯಾದ ಪರವಾಗಿ ಮಾಡಿದ ಕೆಲಸವಲ್ಲ. ದಾವೆ ನಡೆಯಲಿ ಎಂದು ಐವರೂ ಒಮ್ಮತದಿಂದ ಹೇಳಿದರು.

ಅಂದರೆ ವಿನಾಯಿತಿಯನ್ನು ಅಳೆಯುವುದು ತಪ್ಪು ನಡೆದ ದಿನದಿಂದಲ್ಲ, ಕೋರ್ಟು ಕೇಸನ್ನು ಕೈಗೆತ್ತಿಕೊಂಡಿರುವ ದಿನದಿಂದ. ಈ ಗಡಿಯಾರ ಎರಡೂ ಕಡೆಗೆ ತಿರುಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಸುದ್ದಿಯಾಗಿದ್ದ ದೇವಯಾನಿ ಖೋಬ್ರಾಗಡೆ ಪ್ರಕರಣ ಅದಕ್ಕೆ ಎದುರು ದಿಕ್ಕಿನ ಉದಾಹರಣೆ. ಅವರು ಆಗ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಲ್ಲಿ ಉಪ ಕಾನ್ಸುಲ್ ಜನರಲ್. ಮನೆಗೆಲಸದಾಕೆಯ ವೀಸಾ ಅರ್ಜಿಯಲ್ಲಿ ಸಂಬಳದ ಬಗ್ಗೆ ಸುಳ್ಳು ಹೇಳಿದ್ದಾರೆ ಎಂಬ ಆರೋಪದ ಮೇಲೆ 2013ರ ಡಿಸೆಂಬರ್ 12ರಂದು ಅವರನ್ನು ಬಂಧಿಸಿದರು. ಅವರು ಆರೋಪವನ್ನು ಒಪ್ಪಲಿಲ್ಲ. ಅಮೆರಿಕದ ವಾದ ಸರಳವಾಗಿತ್ತು: ಕಾನ್ಸುಲೇಟ್ ಅಧಿಕಾರಿಗೆ ಕರ್ತವ್ಯದ ಕೆಲಸಕ್ಕಷ್ಟೇ ವಿನಾಯಿತಿ, ಮನೆಗೆಲಸದಾಕೆಯ ಸಂಬಳ ಕರ್ತವ್ಯವಲ್ಲ. ಭಾರತ ಅವರನ್ನು ವಿಶ್ವಸಂಸ್ಥೆಯಲ್ಲಿನ ತನ್ನ ಶಾಶ್ವತ ನಿಯೋಗಕ್ಕೆ ವರ್ಗ ಮಾಡಿತು. ಅಲ್ಲಿನ ಹುದ್ದೆಗೆ ಪೂರ್ಣ ರಾಜತಾಂತ್ರಿಕ ವಿನಾಯಿತಿ ಉಂಟು. 2014ರ ಜನವರಿ 8ರಂದು ಅಮೆರಿಕ ಆ ಹುದ್ದೆಗೆ ಮಾನ್ಯತೆ ಕೊಟ್ಟಿತು. ಮರುದಿನ, 9ರಂದು, ಮೊಕದ್ದಮೆಗೆ ಆಧಾರವಿದೆಯೇ ಎಂದು ನೋಡುವ ನಾಗರಿಕರ ಮಂಡಳಿ, ಗ್ರ್ಯಾಂಡ್ ಜ್ಯೂರಿ, ದೋಷಾರೋಪ ಹೊರಿಸಿತು. ಅಂದೇ ಅವರು ದೇಶ ಬಿಟ್ಟರು.

ಆ ಒಂದು ದಿನದ ಅಂತರವೇ ಪ್ರಕರಣವನ್ನು ಮುರಿಯಿತು. ದೋಷಾರೋಪ ಹೊರಿಸಿದ ದಿನ ಅವರಿಗೆ ಪೂರ್ಣ ವಿನಾಯಿತಿ ಇತ್ತು, ಆದ್ದರಿಂದ ಅದು ನಿಲ್ಲುವುದಿಲ್ಲ ಎಂದು ಮಾರ್ಚ್ 12ರಂದು ನ್ಯಾಯಾಧೀಶರು ವಜಾ ಮಾಡಿದರು. ಬಂಧನದ ದಿನ ವಿನಾಯಿತಿ ಇತ್ತೋ ಇಲ್ಲವೋ ಎಂಬುದು ಅದಕ್ಕೆ ಮುಖ್ಯವಾಗಲಿಲ್ಲ. ಆದರೆ ಈಗ ಅವರು ಅಮೆರಿಕದ ಹುದ್ದೆಯಲ್ಲೇ ಇಲ್ಲವಲ್ಲ! ಎರಡೇ ದಿನ ಬಿಟ್ಟು, ಮಾರ್ಚ್ 14ರಂದು, ಅದೇ ಆರೋಪಗಳ ಮೇಲೆ ಹೊಸ ದೋಷಾರೋಪ ಬಂತು. ಘಟನೆ ಒಂದೇ, ವ್ಯಕ್ತಿ ಒಬ್ಬರೇ. ಕ್ಯಾಲೆಂಡರಿನ ಹಾಳೆ ಬದಲಾದಂತೆ ಕೋರ್ಟಿನ ಬಾಗಿಲು ಮುಚ್ಚಿತು, ಮತ್ತೆ ತೆರೆಯಿತು.

ಇಷ್ಟೂ ವ್ಯಕ್ತಿಗಳ ಮಾತಾಯಿತು. ಕೆಲಸ ಕೊಟ್ಟವರು ರಾಜತಾಂತ್ರಿಕರಲ್ಲ, ರಾಯಭಾರ ಕಚೇರಿಯೇ ಆಗಿದ್ದರೆ? ಆಗ ಪ್ರತಿವಾದಿ ಒಂದು ದೇಶ, ಕಾನೂನು ಕೂಡ ಬೇರೆ. ಸಾರ್ವಭೌಮರಾದ ಇಬ್ಬರು ಸಮಾನರು, ಸಮಾನನ ಮೇಲೆ ಸಮಾನ ನ್ಯಾಯಾಧೀಶನಾಗಿ ಕೂರಲಾರ ಎಂಬುದು ಹಳೆಯ ತತ್ವ. 19ನೇ ಶತಮಾನದಲ್ಲಿ ಬಹುತೇಕ ಎಲ್ಲಾ ಕಡೆ ಈ ವಿನಾಯಿತಿ ಸಂಪೂರ್ಣವಾಗಿತ್ತು. ಸರ್ಕಾರಗಳು ಹಡಗು ಓಡಿಸಲು, ಧಾನ್ಯ ಕೊಳ್ಳಲು, ಬ್ಯಾಂಕು ನಡೆಸಲು ಶುರುಮಾಡಿದ ಮೇಲೆ ಅದು ಅನ್ಯಾಯವಾಗಿ ಕಾಣತೊಡಗಿತು. ನೈಜೀರಿಯಾ ಸೈನ್ಯದ ಬ್ಯಾರಕ್‌ಗಳನ್ನು ಕಟ್ಟಿಸಲು ಲಾಗೋಸ್ ಬಂದರು ತಾಳಲಾರದಷ್ಟು ಸಿಮೆಂಟಿಗೆ ಆರ್ಡರು ಕೊಟ್ಟು, ಹಡಗುಗಳು ಸಾಲುಗಟ್ಟಿ ನಿಂತಾಗ ಹಣ ಪಾವತಿಯನ್ನು ತಡೆಯಿತು. ಅದರ ಕೇಂದ್ರ ಬ್ಯಾಂಕಿನ ಮೇಲೆ ಲಂಡನ್ನಿನಲ್ಲಿ ದಾವೆ ಬಿತ್ತು. ಸಿಮೆಂಟು ಬ್ಯಾರಕ್ಕಿಗಾದರೇನು, ಮನೆಗಾದರೇನು, ಕೊಳ್ಳುವುದು ವ್ಯಾಪಾರವೇ ಎಂದು 1977ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಅಮೆರಿಕ 1976ರಲ್ಲಿ, ಬ್ರಿಟನ್ 1978ರಲ್ಲಿ ಇದನ್ನು ಕಾಯಿದೆಯಾಗಿಯೇ ಬರೆದುಕೊಂಡವು. ಈಗ ಕೇಳುವ ಪ್ರಶ್ನೆ: ಈ ಕೆಲಸ ಸರ್ಕಾರ ಮಾತ್ರ ಮಾಡಬಲ್ಲದ್ದೇ, ಅಥವಾ ಯಾವ ಖಾಸಗಿಯವರೂ ಮಾಡಬಹುದಾದದ್ದೇ? ಸೈನ್ಯ ಕಳಿಸುವುದು, ಆಸ್ತಿ ರಾಷ್ಟ್ರೀಕರಿಸುವುದು ಮೊದಲನೆಯದು. ಸಿಮೆಂಟು ಕೊಳ್ಳುವುದು ಎರಡನೆಯದು.

ರಾಯಭಾರ ಕಚೇರಿಯ ಅಡುಗೆಯವರು ಈ ಎರಡರಲ್ಲಿ ಯಾವ ಕಡೆ? ಲಂಡನ್ನಿನ ಸುಡಾನ್ ಮತ್ತು ಲಿಬಿಯಾ ರಾಯಭಾರ ಕಚೇರಿಗಳಲ್ಲಿ ಅಡುಗೆ, ಮನೆಗೆಲಸ ಮಾಡುತ್ತಿದ್ದ ಇಬ್ಬರು ಮೊರಾಕೊ ದೇಶದ ಮಹಿಳೆಯರನ್ನು ಕೆಲಸದಿಂದ ತೆಗೆದಾಗ ಇದೇ ಪ್ರಶ್ನೆ ಎದ್ದಿತು. 1978ರ ಬ್ರಿಟಿಷ್ ಕಾಯಿದೆಯ ಪ್ರಕಾರ ರಾಯಭಾರ ಕಚೇರಿಯ ಸಿಬ್ಬಂದಿಯಾಗಿದ್ದ ಮೇಲೆ ದಾವೆಗೆ ಅವಕಾಶವಿರಲಿಲ್ಲ, ಅಡುಗೆಯವರಾದರೂ ಸರಿ, ಕಾರ್ಯದರ್ಶಿಯಾದರೂ ಸರಿ. ಆದರೆ ಅಂತರರಾಷ್ಟ್ರೀಯ ರೂಢಿ ಅಷ್ಟನ್ನು ಕೇಳುವುದಿಲ್ಲ ಎಂದು ಸುಪ್ರೀಂ ಕೋರ್ಟು 2017ರ ಅಕ್ಟೋಬರ್ 18ರಂದು ಹೇಳಿತು. ರಾಜತಾಂತ್ರಿಕ ಅಧಿಕಾರಿಯ ಕೆಲಸ ದೇಶದ ಸಾರ್ವಭೌಮ ಕೆಲಸ, ಗುಪ್ತ ಸಂಕೇತ ವಿಭಾಗದ ನೌಕರರದ್ದೂ ಹಾಗಿರಬಹುದು, ಅಡುಗೆಮನೆಯದ್ದು ಅಲ್ಲ. ವಿನಾಯಿತಿ ಬೇಕಾದದ್ದಕ್ಕಿಂತ ಹೆಚ್ಚಾದಾಗ ಅದು ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನೇ ಕಸಿಯುತ್ತದೆ. ಈ ತೀರ್ಪಿನ ಬೆನ್ನಿಗೆ ಬ್ರಿಟನ್ ತನ್ನ ಕಾಯಿದೆ ತಿದ್ದಿದ್ದು 2023ರಲ್ಲಿ. ಅಷ್ಟರಲ್ಲಿ ಐದು ವರ್ಷ ದಾಟಿತ್ತು.

ವ್ಯಾಪಾರವೆಂಬ ಕಿಂಡಿ ಇದೆಯೆಂದು ಎಲ್ಲಾ ಅನ್ಯಾಯವೂ ಅದರಲ್ಲಿ ತೂರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ನಡೆಸಿದ ಹತ್ಯೆ, ಬಲವಂತದ ದುಡಿಮೆಗಳಿಗೆ ಪರಿಹಾರ ಕೇಳಿ ಇಟಲಿಯ ಕೋರ್ಟುಗಳಲ್ಲಿ ಹೂಡಿದ ದಾವೆಗಳಿಗೆ ಅಂತರರಾಷ್ಟ್ರೀಯ ನ್ಯಾಯಾಲಯ 2012ರ ಫೆಬ್ರುವರಿ 3ರಂದು ತಡೆ ಹಾಕಿತು. ಅಪರಾಧ ಎಷ್ಟೇ ಘೋರವಾಗಿದ್ದರೂ ಸೈನ್ಯದ ಕೆಲಸ ಸಾರ್ವಭೌಮ ಕೆಲಸವೇ, ವಿನಾಯಿತಿ ಉಳಿಯುತ್ತದೆ ಎಂದಿತು. ಬಲವಂತದ ದುಡಿಮೆ ರಾಜತಾಂತ್ರಿಕರ ಅಡುಗೆಮನೆಯಲ್ಲಿ ನಡೆದರೆ ಲಂಡನ್ನಿನಲ್ಲಿ ದಾವೆ ಉಂಟು, ಸೈನ್ಯದ ಶಿಬಿರದಲ್ಲಿ ನಡೆದರೆ ಇಲ್ಲ. ಕೇಳಲು ವಿಚಿತ್ರ, ಆದರೆ ಕಾನೂನು ಇಲ್ಲಿ ನೋವಿನ ಪ್ರಮಾಣವನ್ನು ಅಳೆಯುವುದಿಲ್ಲ, ಕೆಲಸ ಯಾವ ಜಾತಿಯದ್ದು ಎಂದಷ್ಟೇ ನೋಡುತ್ತದೆ.

ದಾವೆ ಗೆದ್ದಿತು ಎಂದಿಟ್ಟುಕೊಳ್ಳೋಣ. ಡಿಕ್ರಿ ಕೈಗೆ ಬಂತು. ಹಣ?

ಇಲ್ಲಿ ಎರಡನೆಯ ಗೋಡೆ ಎದುರಾಗುತ್ತದೆ, ಮೊದಲನೆಯದಕ್ಕಿಂತ ದಪ್ಪ. ವಿಚಾರಣೆಯಿಂದ ವಿನಾಯಿತಿ ಬೇರೆ, ಅಮಲ್ಜಾರಿಯಿಂದ ವಿನಾಯಿತಿ ಬೇರೆ. ಒಂದನ್ನು ಬಿಟ್ಟುಕೊಟ್ಟರೆ ಇನ್ನೊಂದನ್ನು ಬಿಟ್ಟುಕೊಟ್ಟಂತಲ್ಲ, ಅದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕೆಂದು ವಿಯೆನ್ನಾ ಒಡಂಬಡಿಕೆ 32ನೇ ವಿಧಿಯಲ್ಲೇ ಹೇಳಿದೆ. ರಾಜತಾಂತ್ರಿಕರ ಮೇಲಿನ ಡಿಕ್ರಿಯನ್ನು ಮೇಲೆ ಹೇಳಿದ ಮೂರು ಕಿಂಡಿಗಳಲ್ಲಿ ಅಮಲು ಮಾಡಬಹುದು, ಆದರೆ ಅವರ ಮೈಮುಟ್ಟದೆ, ಮನೆಯೊಳಗೆ ಕಾಲಿಡದೆ. ಅಮೀನರು ಬಾಗಿಲಿಗೆ ಬಂದು ಪೀಠೋಪಕರಣ ಎತ್ತಿಕೊಂಡು ಹೋಗುವ ದೃಶ್ಯ ಇಲ್ಲಿ ನಡೆಯದು. ಹುದ್ದೆ ಮುಗಿಸಿ ಹೋದವರ ಹೆಸರಿನಲ್ಲಿ ಆ ದೇಶದಲ್ಲಿ ಸಾಮಾನ್ಯವಾಗಿ ಜಪ್ತಿ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಪ್ರತಿವಾದಿ ದೇಶವಾದರೆ ಆಸ್ತಿ ಕಣ್ಣೆದುರೇ ಇರುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ. ರಾಯಭಾರ ಕಚೇರಿಯ ಬ್ಯಾಂಕ್ ಖಾತೆಯನ್ನು ಜಪ್ತಿ ಮಾಡಬಹುದೇ ಎಂಬ ಪ್ರಶ್ನೆ ಕೊಲಂಬಿಯಾ ದೇಶದ ಮೇಲಿನ ದಾವೆಯೊಂದರಲ್ಲಿ 1984ರಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಆ ಖಾತೆಯಿಂದ ದಿನಸಿ, ಬಾಡಿಗೆ, ಸಂಬಳ ಎಲ್ಲಕ್ಕೂ ಹಣ ಹೋಗುತ್ತದೆ. ಒಂದಷ್ಟು ವ್ಯಾಪಾರ, ಒಂದಷ್ಟು ರಾಜಕಾರ್ಯ. ಅದನ್ನು ಸೀಳಿ ನೋಡಲಾಗದು, ಖಾತೆ ಪೂರ್ತಿಯಾಗಿ ವಾಣಿಜ್ಯಕ್ಕೇ ಇಟ್ಟದ್ದೆಂದು ಸಾಬೀತಾಗದ ಹೊರತು ಮುಟ್ಟುವಂತಿಲ್ಲ ಎಂದರು. ಆ ಸಾಬೀತು ಮಾಡಬೇಕಾದವರು ಹಣ ಬರಬೇಕಾದವರು. ಖಾತೆಯ ಲೆಕ್ಕವೋ ರಾಯಭಾರ ಕಚೇರಿಯ ಬೀರುವಿನಲ್ಲಿ, ಆ ಬೀರು ತೆರೆಯುವಂತಿಲ್ಲ.

ಬಲವಿದ್ದವರೂ ಈ ಗೋಡೆಗೆ ತಲೆ ಚಚ್ಚಿಕೊಂಡಿದ್ದಾರೆ. ಅರ್ಜೆಂಟೀನಾ ತನ್ನ ಸಾಲಪತ್ರಗಳಲ್ಲಿ ವಿನಾಯಿತಿ ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟಿತ್ತು. ಸಾಲ ತೀರಿಸಲಾಗದೆ ಕೈಯೆತ್ತಿದ ಮೇಲೆ, ಆ ಪತ್ರಗಳನ್ನು ಕೊಂಡಿದ್ದ ಹೂಡಿಕೆ ನಿಧಿಯೊಂದು ಡಿಕ್ರಿ ಹಿಡಿದುಕೊಂಡು ಅದರ ಆಸ್ತಿ ಹುಡುಕುತ್ತ ಲೋಕ ಸುತ್ತಿತು. 2012ರ ಅಕ್ಟೋಬರಿನಲ್ಲಿ ಅರ್ಜೆಂಟೀನಾ ನೌಕಾಪಡೆಯ ತರಬೇತಿ ಹಾಯಿಹಡಗು 'ಲಿಬೆರ್ತಾದ್' ಘಾನಾದ ತೆಮಾ ಬಂದರಿಗೆ ಬಂದಾಗ ಅಲ್ಲಿನ ಕೋರ್ಟಿನಿಂದ ಅದನ್ನು ತಡೆಹಿಡಿಸಿದರು. ಎರಡೂವರೆ ತಿಂಗಳು ಹಡಗು ಅಲ್ಲೇ ಕಟ್ಟಿಬಿದ್ದಿತ್ತು. ಡಿಸೆಂಬರ್ 15ರಂದು ಅಂತರರಾಷ್ಟ್ರೀಯ ಸಾಗರ ಕಾನೂನು ನ್ಯಾಯಮಂಡಳಿ ಅದನ್ನು ಬಿಡಲು ಆದೇಶಿಸಿತು. ಯುದ್ಧನೌಕೆ ಒಂದು ದೇಶದ ಸಾರ್ವಭೌಮತ್ವದ ಗುರುತು, ಅದನ್ನು ಸಾಲಕ್ಕೆ ಹಿಡಿಯುವಂತಿಲ್ಲ.

ಹೂಡಿಕೆ ನಿಧಿಗೇ ಇಷ್ಟು ಕಷ್ಟವಾದರೆ ಮನೆಗೆಲಸದಾಕೆಯ ಮಾತೇನು? ಕೋರ್ಟು ಕೊನೆಗೆ ಬಾಗಿಲು ತೆರೆದರೂ ವರ್ಷಗಳು ಕಳೆದಿರುತ್ತವೆ. ಹಾಗಾಗಿ ಕೆಲವು ದೇಶಗಳು ಕೋರ್ಟಿನ ಬಾಗಿಲನ್ನು ನೆಚ್ಚದೆ ವೀಸಾ ಕಿಟಕಿಯಲ್ಲೇ ಹಿಡಿತ ಇಟ್ಟುಕೊಂಡಿವೆ. ಅಲ್ಲಿ ವಿನಾಯಿತಿಯ ಪ್ರಶ್ನೆ ಏಳುವುದಿಲ್ಲ, ಏಕೆಂದರೆ ಯಾರಿಗೆ ವೀಸಾ ಕೊಡಬೇಕೆಂಬುದು ಆತಿಥೇಯ ದೇಶದ ಇಷ್ಟ. ಅಮೆರಿಕದಲ್ಲಿ ರಾಜತಾಂತ್ರಿಕರ ಮನೆಗೆಲಸದವರ ವೀಸಾಕ್ಕೆ ಲಿಖಿತ ಕರಾರು ತೋರಿಸಬೇಕು, ಸಂಬಳವನ್ನು ನಗದಾಗಿ ಕೊಡದೆ ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಬೇಕು. ಒಂದು ರಾಯಭಾರ ಕಚೇರಿಯವರು ಕೆಲಸದವರನ್ನು ಶೋಷಿಸಿದ್ದನ್ನು ಆ ಕಚೇರಿ ಸಹಿಸಿಕೊಂಡರೆ, ಅಲ್ಲಿನ ಸಿಬ್ಬಂದಿಗೆ ಇಂಥ ವೀಸಾಗಳನ್ನೇ ನಿಲ್ಲಿಸಲು 2008ರ ಕಾನೂನು ಅವಕಾಶ ಕೊಟ್ಟಿದೆ. ಆಗ ಒಬ್ಬ ಅಧಿಕಾರಿಯ ತಪ್ಪಿಗೆ ರಾಯಭಾರಿಯ ಮನೆಗೂ ಅಡುಗೆಯವರು ಬರುವುದು ನಿಲ್ಲುತ್ತದೆ, ಬಾಕಿ ಸಂಬಳದ ಬಗ್ಗೆ ಆ ಅಧಿಕಾರಿಯನ್ನು ಕರೆದು ಕೇಳುವವರು ಅವರದೇ ಕಚೇರಿಯಲ್ಲಿ ಹುಟ್ಟಿಕೊಳ್ಳುತ್ತಾರೆ.